ಐದು ತಿಂಗಳಿಂದ ಗೈಡ್‌ಗೆ ಮುಖ ತೋರಿಸಿಲ್ಲ. ಈ ಈಮೇಲ್ ಹೀಗೇ ಕಳಿಸಬಹುದಾ?

ಕೆರೆಏರಿ (ಆಗಸ್ಟ್ 3, 2024)

ಎಲ್ಲರಿಗೂ ನಮಸ್ಕಾರ. ಇತಿಹಾಸ ವಿಭಾಗದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ನೋಂದಣಿ ಆಗಿದ್ದು ಏಪ್ರಿಲ್ 2021ರಲ್ಲಿ. ಜೊತೆಗೆ ಡಿಗ್ರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ವಿಷಯ ಸೊರಬ ಮತ್ತು ಶಿಕಾರಿಪುರ ತಾಲ್ಲೂಕುಗಳ ವೀರಗಲ್ಲುಗಳು. ಸಿನಾಪ್ಸಿಸ್‌ನಲ್ಲಿ 420 ಕಲ್ಲು ನೋಡುತ್ತೇನೆ ಎಂದು ಬರೆದಿದ್ದೆ. ಎರಡು ವರ್ಷದಲ್ಲಿ ಕ್ಷೇತ್ರಕಾರ್ಯ, ಮೂರನೇ ವರ್ಷ ಬರವಣಿಗೆ ಅಂತ ಲೆಕ್ಕ. ಈಗ 3 ವರ್ಷ 4 ತಿಂಗಳಾಗಿದೆ, ಎಲ್ಲವೂ ಹಿಂದೆ ಬಿದ್ದಿದೆ.

ಮಾರ್ಚ್‌ನಿಂದ ಗೈಡ್ ಹತ್ತಿರ ಹೋಗಿಲ್ಲ. ಅವರು ಎರಡು ಸಲ ಫೋನ್ ಮಾಡಿದರು, ನಾನು ಎತ್ತಲಿಲ್ಲ. ಮುಂದಿನ ತಿಂಗಳು ಆರು ತಿಂಗಳ ಪ್ರಗತಿ ವರದಿ ಕೊಡಬೇಕು. ಅದಕ್ಕೆ ಮೊದಲೇ ಅವರಿಗೆ ಬರೆಯಬೇಕು ಅಂತ ಇದನ್ನು ಸಿದ್ಧ ಮಾಡಿದ್ದೇನೆ:

> ಮಾನ್ಯ ಸರ್, ತಮಗೆ ತಿಳಿದಿರುವಂತೆ ನನ್ನ ತಂದೆಯವರ ಅನಾರೋಗ್ಯ, ಕಾಲೇಜಿನ ಕಾರ್ಯಭಾರ ಹಾಗೂ ಕೆಲವು ಅನಿವಾರ್ಯ ಕಾರಣಗಳಿಂದ ಸಂಶೋಧನೆಯಲ್ಲಿ ನಿರೀಕ್ಷಿತ ಪ್ರಗತಿ ಸಾಧಿಸಲು ಸಾಧ್ಯವಾಗಿರುವುದಿಲ್ಲ. ಇದಕ್ಕಾಗಿ ಕ್ಷಮೆ ಕೋರುತ್ತೇನೆ. ಕ್ಷೇತ್ರಕಾರ್ಯ ಬಹುಪಾಲು ಮುಗಿದಿದ್ದು, ಉಳಿದದ್ದನ್ನು ಮೇ 2025ರೊಳಗೆ ಮುಗಿಸಿ, ಡಿಸೆಂಬರ್ 2025ರೊಳಗೆ ಮಹಾಪ್ರಬಂಧ ಸಲ್ಲಿಸುತ್ತೇನೆ. ತಾವು ಸಹಕರಿಸಬೇಕೆಂದು ವಿನಂತಿ.

ಎಲ್ಲಿ ತಿದ್ದಬೇಕು ಹೇಳಿ.

ಕಡತ

ಮೇಡಂ, ಇದು ಹೀಗೆ ನಡೆಯುವುದಿಲ್ಲ. ಅವಧಿ ವಿಸ್ತರಣೆ ಬೇಕಿದ್ದರೆ ಕುಲಸಚಿವರಿಗೆ ಅರ್ಜಿ ಹೋಗಬೇಕು. ಗೈಡ್ ಶಿಫಾರಸು, ವಿಭಾಗದ ಮುಖ್ಯಸ್ಥರ ಸಹಿ, ಶುಲ್ಕ ಕಟ್ಟಿದ ರಸೀದಿ, ಹಿಂದಿನ ಎಲ್ಲ ಪ್ರಗತಿ ವರದಿಗಳ ಪ್ರತಿ ಲಗತ್ತಿಸಬೇಕು. ಈಮೇಲ್‌ಗೆ ಬೆಲೆ ಇಲ್ಲ. ನಾನು ಇದೇ ಶಾಖೆಯಲ್ಲಿ ಕೆಲಸ ಮಾಡಿದವನು, ಸುಮ್ನೆ ಹೇಳುತ್ತಿಲ್ಲ.

ಕೆರೆಏರಿ

ಸರ್, ವಿಸ್ತರಣೆ ಕೇಳುತ್ತಿಲ್ಲ. ಆರು ವರ್ಷ ಆಗುವುದು ಏಪ್ರಿಲ್ 2027ಕ್ಕೆ, ಇನ್ನೂ 32 ತಿಂಗಳು ಇದೆ. ಗೈಡ್‌ಗೆ ಇರುವ ವಿಷಯ ಹೇಳಿ ಹೊಸ ವೇಳಾಪಟ್ಟಿ ಕೊಡಬೇಕು, ಅಷ್ಟೇ.

ಕಡತ

ಓ, ನಾನು ತಪ್ಪು ತಿಳಿದೆ. ಆದರೂ ವರದಿಗಳ ಪ್ರತಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಶಿರಸಿ ರಸ್ತೆ

ಯಾಕೆ ಇಷ್ಟು ಗಾಬರಿ? 2022ರ ಯುಜಿಸಿ ನಿಯಮ ಓದಿ. ಆರು ವರ್ಷ ಮುಗಿದ ಮೇಲೆ ಮರುನೋಂದಣಿ ಮಾಡಿಸಿ ಎರಡು ವರ್ಷ ಪಡೆಯಬಹುದು, ಒಟ್ಟು ಎಂಟು ವರ್ಷ. ಈಮೇಲ್‌ನಲ್ಲಿ ತಿಂಗಳು, ಸಂಖ್ಯೆ ಏನನ್ನೂ ಬರೆಯಬೇಡಿ. ಬರೆದರೆ ನಾಳೆ ಅದನ್ನೇ ಹಿಡಿದು ಕೇಳುತ್ತಾರೆ. "ಶೀಘ್ರದಲ್ಲಿ ಪೂರ್ಣಗೊಳಿಸುತ್ತೇನೆ" ಎಂದರೆ ಸಾಕು. ನಾನೂ ಹಾಗೇ ಬರೆದಿದ್ದು, ಏನೂ ತೊಂದರೆ ಆಗಲಿಲ್ಲ.

ಹಳೇ ಮೇಷ್ಟ್ರು

ಮಗಳೇ, ನಾನು ನಿವೃತ್ತ. ಶಾಸನ ಓದಿಸಿದವನು, ಗೈಡ್ ಆಗಿದ್ದವನು. ಪ್ರಾಧ್ಯಾಪಕರಿಗೆ ಒಂದು ಹೊತ್ತಿನಲ್ಲಿ ಎಂಟು ಜನ ಪಿಎಚ್‌ಡಿ ವಿದ್ಯಾರ್ಥಿಗಳು ಇರಬಹುದು. ನಿನ್ನ ಕಾಗದ ಓದುವವರು ಬಸ್ಸಿನಲ್ಲೋ ಮೌಲ್ಯಮಾಪನದ ಕೊಠಡಿಯಲ್ಲೋ ಮೊಬೈಲ್‌ನಲ್ಲಿ ಓದುತ್ತಾರೆ. ಅವರಿಗೆ ಗೊತ್ತಾಗಬೇಕಾದ್ದು ಮೂರೇ. ಈಗ ಕೈಯಲ್ಲಿ ಏನಿದೆ, ಯಾಕೆ ನಿಂತಿತು, ಇನ್ನು ಮುಂದೆ ಏನು. ನಿನ್ನ ಕರಡಿನಲ್ಲಿ ಮೂರೂ ಇಲ್ಲ.

ಮೊದಲು ನಿಯಮದ ಮಾತು. ಶಿರಸಿ ರಸ್ತೆಯವರು ಹೇಳಿದ್ದು ಅರ್ಧ ಸರಿ. 2022ರ ನಿಯಮ ಬಂದದ್ದು ಆ ವರ್ಷದ ನವೆಂಬರ್‌ನಲ್ಲಿ. ಅದಕ್ಕೂ ಮೊದಲು ನೋಂದಣಿ ಆದವರಿಗೆ ಹಳೆಯ ನಿಯಮವೇ ನಡೆಯುತ್ತದೆ, ನಿನಗೆ 2016ರದ್ದು. ಅದರಲ್ಲೂ ಗರಿಷ್ಠ ಆರು ವರ್ಷ. ಹೆಣ್ಣುಮಕ್ಕಳಿಗೆ ಎರಡು ವರ್ಷ ರಿಯಾಯಿತಿ ಕೊಡಬಹುದು. ಅದು ಇದೆ ಎಂದು ತಿಳಿದಿರಲಿ, ಆದರೆ ವೇಳಾಪಟ್ಟಿಯನ್ನು ಅದರ ಮೇಲೆ ಕಟ್ಟಬೇಡ. ಅದೇ ನಿಯಮದಲ್ಲಿ ಇನ್ನೊಂದು ಇದೆ. ಪ್ರಗತಿ ಸಾಲದಿದ್ದರೆ ಸಲಹಾ ಸಮಿತಿ ಕಾರಣ ಬರೆದು, ತಿದ್ದಿಕೊಳ್ಳುವ ಕ್ರಮ ಸೂಚಿಸಬೇಕು. ಅದನ್ನೂ ಮಾಡದಿದ್ದರೆ ನೋಂದಣಿ ರದ್ದಿಗೆ ಶಿಫಾರಸು ಮಾಡಬಹುದು. ಆ ಕ್ರಮವನ್ನು ನೀನೇ ಸೂಚಿಸಿ ಬಂದರೆ ಸಮಿತಿಯಲ್ಲಿ ನಿನ್ನ ಪರ ಮಾತಾಡುವುದು ಗೈಡ್‌ಗೆ ಸುಲಭ.

ಇನ್ನು ನನ್ನ ಪ್ರಶ್ನೆಗಳು. "ಬಹುಪಾಲು ಮುಗಿದಿದೆ" ಎಂದರೆ ಎಷ್ಟು? ಎಷ್ಟು ಕಲ್ಲು ನೋಡಿದ್ದೀಯ, ಅದರಲ್ಲಿ ಎಷ್ಟರ ಮೇಲಿನ ಬರಹದ ಪಾಠ ಓದಿ ಮುಗಿಸಿದ್ದೀಯ? ತಂದೆಯವರಿಗೆ ಹುಷಾರಿಲ್ಲದ್ದು ಯಾವ ತಿಂಗಳು?

ಕೆರೆಏರಿ

ಸರ್, ನೋಡಿದ್ದು 148. ಕಲ್ಲಿಗೆ ಕಾಗದ ಒತ್ತಿ ಅಚ್ಚು ತೆಗೆದು, ಫೋಟೋ ತೆಗೆದು, ಅಳತೆ ಬರೆದಿದ್ದೇನೆ. ಪಾಠ ಓದಿ, ಶಾಸನಗಳ ಪಾಠ ಅಚ್ಚಾದ ಎಪಿಗ್ರಾಫಿಯಾ ಕರ್ನಾಟಿಕಾ ಪುಸ್ತಕದ ಜೊತೆ ಹೋಲಿಸಿ ಮುಗಿಸಿದ್ದು 61. ಮೊದಲ ಅಧ್ಯಾಯ 28 ಪುಟ ಬರೆದಿದ್ದೇನೆ, ಅದಕ್ಕೆ ಮೂರು ತಿಂಗಳು ಹಿಡಿಯಿತು. ಉಳಿದ ನಾಲ್ಕು ಅಧ್ಯಾಯ ಬರೀ ಟಿಪ್ಪಣಿ.

ಅಪ್ಪನ ಆಪರೇಷನ್ ಆಗಿದ್ದು ಫೆಬ್ರವರಿ ಕೊನೆಗೆ. ಏಪ್ರಿಲ್ ಮಧ್ಯದ ಹೊತ್ತಿಗೆ ಅವರು ಮನೆಯಲ್ಲಿ ಓಡಾಡಿಕೊಂಡಿದ್ದರು.

ಹಳೇ ಮೇಷ್ಟ್ರು

ಹಾಗಾದರೆ ಏಪ್ರಿಲ್ ಮಧ್ಯದಿಂದ ಇವತ್ತಿನವರೆಗೆ?

ಲ್ಯಾಬ್ ರಾತ್ರಿ

ಸರ್ ಕೇಳಿದ ಪ್ರಶ್ನೆ ನನಗೂ ಒಬ್ಬರು ಕೇಳಿದ್ದರು, ಅದಕ್ಕೇ ಬರೆಯುತ್ತಿದ್ದೇನೆ. ನನ್ನದು ರಸಾಯನಶಾಸ್ತ್ರ. ಮೂರನೇ ವರ್ಷ ನಮ್ಮ ವಿಭಾಗದ ಎನ್‌ಎಂಆರ್ ಯಂತ್ರ ಎರಡು ತಿಂಗಳು ಕೆಟ್ಟಿತ್ತು. ನಾನು ಎಂಟು ತಿಂಗಳ ತಡಕ್ಕೂ ಅದನ್ನೇ ಕಾರಣ ಬರೆದೆ. ಯಂತ್ರದ ಲಾಗ್ ಪುಸ್ತಕ ಗೈಡ್ ಮೇಜಿನ ಮೇಲೇ ಇರುತ್ತಿತ್ತು, ರಿಪೇರಿ ಆದ ದಿನ ಅವರಿಗೆ ಗೊತ್ತಿತ್ತು. ಅವರು ಬೈಯಲಿಲ್ಲ. ಆದರೆ ಆಮೇಲೆ ನಾನು ಏನು ಹೇಳಿದರೂ ಒಂದು ಸಲ ಬೇರೆಯವರ ಹತ್ತಿರ ವಿಚಾರಿಸುತ್ತಿದ್ದರು. ಅದು ಹೋಗಲು ಒಂದು ವರ್ಷ ಬೇಕಾಯಿತು. ನಿಜವಾಗಿ ಆಗಿದ್ದೇನೆಂದರೆ ನನ್ನ ಒಂದು ಹಂತದ ರಿಯಾಕ್ಷನ್ ಬರುತ್ತಿರಲಿಲ್ಲ. ಅದನ್ನು ಮೊದಲೇ ಹೇಳಿದ್ದರೆ ದಾರಿ ಬದಲಿಸುತ್ತಿದ್ದರು.

ಕೆರೆಏರಿ (ಆಗಸ್ಟ್ 4)

ರಾತ್ರಿಯೆಲ್ಲ ಯೋಚನೆ ಮಾಡಿದೆ. ಇರುವುದನ್ನು ಬರೆಯುತ್ತೇನೆ.

ಸೊರಬದ ಕಡೆ ಒಂದು ಕೆರೆ ಏರಿಯ ಕೆಳಗೆ ಒಂದು ಕಲ್ಲಿದೆ. ಲಂಟಾನಾ ಕಡಿದು ಒಳಗೆ ಹೋಗಬೇಕು. ಮೂರು ಹಂತದ ಕಲ್ಲು. ಕೆಳಗೆ ತುರುಗಾಳಗ, ದನಗಳು ಸಾಲಾಗಿ ನಿಂತಿವೆ. ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ, ಮೇಲೆ ಲಿಂಗ. ಎರಡು ಪಟ್ಟಿಗಳಲ್ಲಿ ಬರಹ ಇದೆ. ಮೇಲಿನ ಪಟ್ಟಿ ಚೆನ್ನಾಗಿದೆ, ಕೆಳಗಿನದು ಸವೆದಿದೆ. ಪುಸ್ತಕದಲ್ಲಿ ಅಲ್ಲಿ ಮೂರು ಕಡೆ ಚುಕ್ಕಿ ಇದೆ. ನನಗೆ ಬದಿಯಿಂದ ಟಾರ್ಚ್ ಹಾಕಿದಾಗ ಅಲ್ಲಿ ಅಕ್ಷರ ಕಂಡಿತು. ಒಂದು ರಾತ್ರಿ ಅದು "ವ" ಅನಿಸಿತು. ಮಾರನೇ ದಿನ ಅದೇ ಫೋಟೋದಲ್ಲಿ "ಮ" ಅನಿಸಿತು. ಪುಸ್ತಕದಲ್ಲಿ ಓದಿದ ಹೆಸರಿಗೂ ನಾನು ಓದಿದ್ದಕ್ಕೂ ಹೊಂದಲಿಲ್ಲ. ತಪ್ಪು ನನ್ನದಾ, 1904ರಲ್ಲಿ ಅಚ್ಚಾದ ಪಾಠದ್ದಾ ಗೊತ್ತಾಗಲಿಲ್ಲ. ಹೀಗೆ ಎಂಟೊಂಬತ್ತು ಕಲ್ಲುಗಳಲ್ಲಿ ಸಿಕ್ಕಿಹಾಕಿಕೊಂಡೆ.

ನಾಲ್ಕನೇ ವರ್ಷದಲ್ಲಿ ಹೋಗಿ "ಅಕ್ಷರ ಓದಲು ಬರುತ್ತಿಲ್ಲ" ಅಂತ ಸರ್‌ಗೆ ಹೇಳುವುದು ಹೇಗೆ? ಅದಕ್ಕೇ ಫೋನ್ ಎತ್ತಲಿಲ್ಲ. ಅಪ್ಪನ ವಿಷಯ ನಿಜ, ಆದರೆ ಅದು ಏಳು ವಾರ. ಉಳಿದದ್ದು ಇದು.

ಅಮ್ಮ ಮತ್ತು ಪ್ರಬಂಧ

ಇದನ್ನು ಬರೆದಿದ್ದಕ್ಕೆ ನಿಮಗೆ ಕೈಮುಗಿಯುತ್ತೇನೆ. ನಾನು ಎರಡು ವರ್ಷ ಗೈಡ್ ಬರುವ ದಾರಿಯಲ್ಲಿ ಓಡಾಡುತ್ತಿರಲಿಲ್ಲ. ನನ್ನ ಮಗು ಹುಟ್ಟಿದಾಗ 240 ದಿನದ ರಜೆ ಸಿಗುತ್ತದೆ ಎಂದೂ ನನಗೆ ಗೊತ್ತಿರಲಿಲ್ಲ, ಯಾಕೆಂದರೆ ಯಾರನ್ನೂ ಕೇಳಲಿಲ್ಲ. ನಿಮ್ಮಂತೆಯೇ.

ಹಳೇ ಮೇಷ್ಟ್ರು

ಈಗ ಕಾಗದ ಬರೆಯಲು ಬಂತು. ನೀನು ಈಗ ಬರೆದ ಕಲ್ಲಿನ ಮಾತು ಇದೆಯಲ್ಲ, ಅದೇ ನಿಂತ ಕಾರಣ. "ವ"ಕ್ಕೂ "ಮ"ಕ್ಕೂ ತಬ್ಬಿಬ್ಬಾಗದವರು ಯಾರೂ ಇಲ್ಲ. ಸವೆದ ಕಲ್ಲಿನಲ್ಲಿ ಮೂವತ್ತು ವರ್ಷ ಓದಿದವರೂ ಎರಡು ಪಾಠ ಬರೆದು ಇಡುತ್ತಾರೆ. ನಿನ್ನ ಪಾಠ ಪುಸ್ತಕಕ್ಕಿಂತ ಬೇರೆ ಬಂದ ಎಂಟೊಂಬತ್ತು ಕಲ್ಲುಗಳು ನಿನ್ನ ಪ್ರಬಂಧದ ಹೊಸ ಮಾತಾಗಬಹುದು. ಫೋಟೋ, ಅಚ್ಚು, ಪುಸ್ತಕದ ಪಾಠ, ನಿನ್ನ ಪಾಠ, ನಾಲ್ಕನ್ನೂ ಒಂದೇ ಹಾಳೆಯಲ್ಲಿ ಇಟ್ಟು ಗೈಡ್ ಹತ್ತಿರ ಹೋಗು. ಅವರು ಇರುವುದೇ ಅದಕ್ಕೆ.

ಇನ್ನು ವೇಳಾಪಟ್ಟಿ. ಮೇ 2025ರೊಳಗೆ 420 ಕಲ್ಲು ಎಂದು ಯಾವ ಲೆಕ್ಕದಲ್ಲಿ ಬರೆದೆ? ನಿನ್ನ ಕ್ಷೇತ್ರಕಾರ್ಯದ ಪುಸ್ತಕ ತೆಗೆದು ಎಣಿಸು. ಎಷ್ಟು ದಿನ ಹೋಗಿದ್ದೆ? ಪಾಠ ಓದಿದ್ದು ವಾರಕ್ಕೆ ಎಷ್ಟು? ಮನಸ್ಸಿನಲ್ಲಿರುವ ಲೆಕ್ಕ ಬೇಡ, ಬರೆದಿಟ್ಟದ್ದು ಹೇಳು.

ಕೆರೆಏರಿ

ಎಣಿಸಿದೆ ಸರ್. 37 ದಿನ ಹೋಗಿದ್ದೇನೆ, 148 ಕಲ್ಲು. ಅಂದರೆ ದಿನಕ್ಕೆ ನಾಲ್ಕು. ನಾನು ದಿನಕ್ಕೆ ಹತ್ತು ಅಂತ ಅಂದುಕೊಂಡಿದ್ದೆ. ಪುಸ್ತಕದಲ್ಲಿ ಹೇಳಿದ ಜಾಗದಲ್ಲಿ ಎಷ್ಟೋ ಕಲ್ಲು ಈಗ ಇಲ್ಲ. ದೇವಸ್ಥಾನ ಹೊಸದು ಮಾಡುವಾಗ ಹಿಂದಕ್ಕೆ ಸರಿಸಿದ್ದಾರೆ, ಕೆಲವಕ್ಕೆ ಸುಣ್ಣ ಬಳಿದಿದ್ದಾರೆ, ಅರ್ಧ ಹೂತಿರುವುದು ಬೇರೆ. ಹುಡುಕುವುದಕ್ಕೇ ಮಧ್ಯಾಹ್ನ ಆಗುತ್ತದೆ. ಅಚ್ಚಿನ ಕಾಗದ ಒಣಗಬೇಕು, ಮಳೆಗಾಲದಲ್ಲಿ ಅದು ಆಗುವುದೇ ಇಲ್ಲ. ಹೋಗಲು ಭಾನುವಾರ, ಎರಡನೇ ಶನಿವಾರ ಮಾತ್ರ.

ಪಾಠದ ಲೆಕ್ಕ ಇನ್ನೂ ಕಮ್ಮಿ. ವಾರಕ್ಕೆ ಆರು ಗಂಟೆ ಕೂರುತ್ತೇನೆ, ಒಂದು ಕಲ್ಲಿಗೆ ಎರಡು ಗಂಟೆ, ಹಾಗಾದರೆ ವಾರಕ್ಕೆ ಮೂರು ಆಗಬೇಕಿತ್ತು. ಆದರೆ ಚೆನ್ನಾಗಿ ಕೆಲಸ ಆದ ಹತ್ತು ವಾರ ತೆಗೆದು ನೋಡಿದರೆ 24 ಕಲ್ಲು ಇದೆ. ವಾರಕ್ಕೆ ಎರಡೂವರೆಗೂ ಕಮ್ಮಿ.

ಶಿರಸಿ ರಸ್ತೆ

ಅದಕ್ಕೇ ಸಂಖ್ಯೆ ಬರೆಯಬೇಡಿ ಅಂದಿದ್ದು. ಆದರೂ ಬರೆಯುವುದಾದರೆ 420 ಬಿಟ್ಟು 240 ಮಾಡಿ. ಇನ್ನು 92 ಕಲ್ಲು, 23 ದಿನ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ತಿಂಗಳಿಗೆ ನಾಲ್ಕು ದಿನ ಹೋದರೆ ಮುಗಿಯಿತು. ಸಲೀಸು.

ಲ್ಯಾಬ್ ರಾತ್ರಿ

ಒಂದು ನಿಮಿಷ. ನನಗೆ ಶಾಸನ ಗೊತ್ತಿಲ್ಲ, ಆದರೆ ಲೆಕ್ಕ ನೋಡಿ. ನೋಡಿದ ಕಲ್ಲು 148, ಓದಿದ್ದು 61. ಈಗಲೇ 87 ಕಲ್ಲು ಓದದೆ ಕೂತಿವೆ. ಕೆಲಸ ನಿಂತಿರುವುದು ಮೇಜಿನ ಹತ್ತಿರ. ಊರೂರು ಸುತ್ತಿ ಇನ್ನೂ 92 ಕಲ್ಲು ತಂದು ಹಾಕಿದರೆ ಆ ರಾಶಿಯೇ ಜಾಸ್ತಿ ಆಗುತ್ತದೆ, ಅಲ್ವಾ?

ಹಳೇ ಮೇಷ್ಟ್ರು

ಸರಿಯಾಗಿ ಹಿಡಿದೆಯಪ್ಪಾ. ನಾನು ಹೇಳಬೇಕೆಂದಿದ್ದು ಅದೇ.

ಹೆಚ್ಚಿನ ವಿದ್ಯಾರ್ಥಿಗಳು ತಡ ಆದಾಗ ಕ್ಷೇತ್ರಕಾರ್ಯಕ್ಕೆ ಓಡುತ್ತಾರೆ. ಅಲ್ಲಿ ದಿನದ ಕೊನೆಗೆ ಏನೋ ಕೈಗೆ ಸಿಕ್ಕಿದ ಹಾಗೆ ಆಗುತ್ತದೆ. ಓದುವ ಮೇಜು ಹಾಗಲ್ಲ. ಮಗಳೇ, 148ರಲ್ಲಿ ಯಾವ ತಾಲ್ಲೂಕಿನದು ಎಷ್ಟು? ಓದುವಾಗ ಯಾವ ಕ್ರಮದಲ್ಲಿ ಓದುತ್ತಿದ್ದೀಯ?

ಕೆರೆಏರಿ

ಸೊರಬದ್ದು 121, ಶಿಕಾರಿಪುರದ್ದು 27. ಪುಸ್ತಕದಲ್ಲಿ ಸಂಖ್ಯೆ ಇರುವ ಕ್ರಮದಲ್ಲೇ ಓದುತ್ತಿದ್ದೇನೆ. ಊರಿಂದ ಊರಿಗೆ.

ಹಳೇ ಮೇಷ್ಟ್ರು

ಅಲ್ಲೇ ಇದೆ ಗಂಟು. ಊರಿನ ಕ್ರಮದಲ್ಲಿ ಓದಿದರೆ ಎಲ್ಲ ಕಲ್ಲು ಮುಗಿಯುವವರೆಗೆ ಒಂದು ಅಧ್ಯಾಯವೂ ಬರೆಯಲು ಆಗುವುದಿಲ್ಲ. ದನ ಹಿಡಿದೊಯ್ದ ತುರುಗೋಳಿನ ಒಂದು ಕಲ್ಲು ಇಲ್ಲಿ, ಊರು ಹಾಳುಮಾಡಿದ ಊರಳಿವಿನ ಒಂದು ಅಲ್ಲಿ, ಹೆಣ್ಣಿನ ರಕ್ಷಣೆಗೆ ಕಾದಿದ ಪೆಣ್ಬುಯ್ಯಲಿನದ್ದು ಇನ್ನೆಲ್ಲೋ. ನಿನ್ನ ಮೂರನೇ ಅಧ್ಯಾಯ ತುರುಗೋಳಿನ ಮೇಲೆ ಇರಬೇಕಲ್ಲ? ಹಾಗಿದ್ದರೆ ಮೊದಲು ತುರುಗೋಳಿನ ಕಲ್ಲುಗಳನ್ನಷ್ಟೇ ಆರಿಸಿ ಓದು. ಹಂತದಲ್ಲಿ ದನ ಇದ್ದರೆ ಓದುವ ಮೊದಲೇ ಗೊತ್ತಾಗುತ್ತದೆ. ಅವು ಮುಗಿದ ಕೂಡಲೇ ಬರೆಯಲು ಕೂರು, ಉಳಿದವನ್ನು ಕಾಯಬೇಡ.

ಕಲ್ಲಿನ ಸಂಖ್ಯೆಯನ್ನೂ ಕಡಿಮೆ ಮಾಡು. ಸೊರಬದ್ದು ಸಾಕು, ಹೊಸದು ಒಂದೂ ಬೇಡ. ಶೀರ್ಷಿಕೆಯಲ್ಲಿ ಶಿಕಾರಿಪುರ ಇದೆ, 27ರ ಮೇಲೆ ತೀರ್ಮಾನ ಹೇಳಿದರೆ ಪರೀಕ್ಷಕರು ಹಿಡಿಯುತ್ತಾರೆ. ಅಲ್ಲಿ ಇನ್ನು 32 ನೋಡು. ಒಟ್ಟು 180. ನಿನ್ನ ವೇಗದಲ್ಲಿ ಅದು ಎಂಟು ದಿನ. ಶೀರ್ಷಿಕೆ ಮುಟ್ಟಬೇಡ, ಅದನ್ನು ಬದಲಿಸಲು ಸಮಿತಿ, ವಿಶ್ವವಿದ್ಯಾಲಯ ಎಲ್ಲ ಸುತ್ತಬೇಕು. ಸಿನಾಪ್ಸಿಸ್‌ನ 420ನ್ನು 180 ಮಾಡಿದ್ದಕ್ಕೆ ಆಧಾರ ಏನು ಎಂದು ಒಂದು ಪುಟ ಬರೆಯಬೇಕು. ಬರಹ ಇರುವ ಕಲ್ಲು, ಜಾಗ ಗೊತ್ತಿರುವ ಕಲ್ಲು, ಕಾಲ ಹೇಳಬಹುದಾದ ಕಲ್ಲು, ಹೀಗೆ. ಇದನ್ನು ನೀನೇ ತೀರ್ಮಾನ ಮಾಡಿ ತಿಳಿಸಬೇಡ. ಕೇಳು.

ಕೊನೆಗೆ ಒಂದು. 2016ರ ನಿಯಮದವರಿಗೆ ಸಲ್ಲಿಸುವ ಮೊದಲು ಒಂದು ಲೇಖನ ಪ್ರಕಟ ಆಗಿರಬೇಕು, ಎರಡು ಸಮ್ಮೇಳನದಲ್ಲಿ ಪ್ರಬಂಧ ಮಂಡಿಸಿರಬೇಕು. ನಿನ್ನ ಪಟ್ಟಿಯಲ್ಲಿ ಅದು ಕಾಣಲಿಲ್ಲ.

ಕೆರೆಏರಿ

ಲೇಖನದ ವಿಷಯ ಪೂರ್ತಿ ಮರೆತಿದ್ದೆ ಸರ್. ಮಂಡನೆ ಒಂದು ಆಗಿದೆ. 148ರಲ್ಲಿ ದನ ಇರುವ ಕಲ್ಲು 52 ಇದೆ, ಈಗಷ್ಟೇ ಫೋಟೋ ನೋಡಿ ಎಣಿಸಿದೆ. ಅದರಲ್ಲಿ 19 ಆಗಲೇ ಓದಿದ್ದೇನೆ. 33 ಉಳಿದಿದೆ. ನನ್ನ ವೇಗಕ್ಕೆ 14 ವಾರ. ನವೆಂಬರ್ ಮಧ್ಯಕ್ಕೆ ಮುಗಿಯುತ್ತದೆ! ಇಷ್ಟು ಹತ್ತಿರ ಇದೆ ಅಂತ ಗೊತ್ತೇ ಇರಲಿಲ್ಲ.

ಅಮ್ಮ ಮತ್ತು ಪ್ರಬಂಧ

ಬರೆಯುವಾಗ ಓದುವ ವೇಗ ಇಳಿಯುತ್ತದೆ, ಅದನ್ನೂ ಹಿಡಿಯಿರಿ. ನಾನು ಎರಡೂ ಒಟ್ಟಿಗೆ ಪೂರ್ತಿ ನಡೆಯುತ್ತದೆ ಅಂದುಕೊಂಡು ಕೆಟ್ಟೆ. ಪರೀಕ್ಷೆ, ಮೌಲ್ಯಮಾಪನದ ತಿಂಗಳುಗಳಲ್ಲಿ ಸೊನ್ನೆ ಹಾಕಿ.

ಕೆರೆಏರಿ (ಆಗಸ್ಟ್ 6)

ಎರಡು ದಿನ ಕೂತು ಹೊಸದಾಗಿ ಬರೆದೆ. ನೋಡಿ.

> ವಿಷಯ: ಆರು ತಿಂಗಳ ತಡ, ಪರಿಷ್ಕೃತ ವೇಳಾಪಟ್ಟಿ, ತಮ್ಮ ಒಪ್ಪಿಗೆ ಬೇಕಾದ ಒಂದು ವಿಷಯ
>
> ಸರ್, ನಮಸ್ಕಾರ.
>
> ಮಾರ್ಚ್‌ನಿಂದ ತಮ್ಮನ್ನು ಭೇಟಿ ಮಾಡಿಲ್ಲ, ತಾವು ಎರಡು ಸಲ ಕರೆ ಮಾಡಿದಾಗಲೂ ಮಾತಾಡಲಿಲ್ಲ. ಅದು ನನ್ನ ತಪ್ಪು, ಕ್ಷಮಿಸಿ.
>
> ಈಗ ಇರುವುದು ಇಷ್ಟು. 420 ಕಲ್ಲುಗಳಲ್ಲಿ 148 ನೋಡಿದ್ದೇನೆ. ಅವುಗಳಲ್ಲಿ 61ರ ಪಾಠ ಓದಿ ಮುಗಿಸಿದ್ದೇನೆ. ಮೊದಲ ಅಧ್ಯಾಯದ ಕರಡು 28 ಪುಟ ಇದೆ, ಲಗತ್ತಿಸಿದ್ದೇನೆ. ಉಳಿದ ಅಧ್ಯಾಯಗಳನ್ನು ಬರೆದಿಲ್ಲ.
>
> ತಂದೆಯವರ ಆಪರೇಷನ್‌ನಿಂದ ಏಳು ವಾರ ಹೋಯಿತು. ಅದಕ್ಕಿಂತ ಜಾಸ್ತಿ ಸಮಯ ಹೋಗಿದ್ದು ಬೇರೆ ಕಾರಣಕ್ಕೆ. ಸವೆದ ಒಂಬತ್ತು ಕಲ್ಲುಗಳಲ್ಲಿ ನನ್ನ ಓದು ಅಚ್ಚಾದ ಪಾಠಕ್ಕೆ ಹೊಂದುತ್ತಿಲ್ಲ. ನನ್ನದೇ ತಪ್ಪಿರಬಹುದು ಎಂದು ಸಂಕೋಚಪಟ್ಟು ತಮ್ಮನ್ನು ಕೇಳಲಿಲ್ಲ. ಅವುಗಳ ಫೋಟೋ, ಅಚ್ಚು, ಎರಡೂ ಪಾಠಗಳನ್ನು ಒಂದೊಂದು ಹಾಳೆಯಲ್ಲಿ ಸಿದ್ಧಮಾಡಿದ್ದೇನೆ. ತಾವು ಒಂದು ಗಂಟೆ ಕೊಟ್ಟರೆ ತರುತ್ತೇನೆ.
>
> ಕ್ಷೇತ್ರದಲ್ಲಿ ದಿನಕ್ಕೆ ನಾಲ್ಕು ಕಲ್ಲು, ಮೇಜಿನ ಹತ್ತಿರ ವಾರಕ್ಕೆ ಸುಮಾರು ಎರಡೂವರೆ ಕಲ್ಲು, ಇದು ನನ್ನ ನಿಜವಾದ ವೇಗ. ಈ ವೇಗದಲ್ಲಿ 420 ಆಗುವುದಿಲ್ಲ. ತಾವು ಒಪ್ಪಿದರೆ ಸೊರಬದ ಈಗಿನ 121ಕ್ಕೆ ನಿಲ್ಲಿಸಿ, ಶಿಕಾರಿಪುರದಲ್ಲಿ ಇನ್ನು 32 ನೋಡಿ, ಒಟ್ಟು 180 ಮಾಡುತ್ತೇನೆ. ಶೀರ್ಷಿಕೆ ಬದಲಾಗುವುದಿಲ್ಲ. ಆಯ್ಕೆಗೆ ಆಧಾರವನ್ನು ಒಂದು ಪುಟದಲ್ಲಿ ಬರೆದು ಲಗತ್ತಿಸಿದ್ದೇನೆ. ಇದೊಂದಕ್ಕೆ ತಮ್ಮ ತೀರ್ಮಾನ ಬೇಕು.
>
> ಇದಕ್ಕೆ ಒಪ್ಪಿಗೆ ಸಿಕ್ಕರೆ: ನವೆಂಬರ್ 2024ರ ಮಧ್ಯದೊಳಗೆ ತುರುಗೋಳಿನ 33 ಕಲ್ಲುಗಳ ಪಾಠ ಮುಗಿಸುತ್ತೇನೆ. ಮಾರ್ಚ್ 2025ರ ಕೊನೆಗೆ ಮೂರನೇ ಅಧ್ಯಾಯ ತಮ್ಮ ಕೈಗೆ ಕೊಡುತ್ತೇನೆ. ಶಿಕಾರಿಪುರದ ಎಂಟು ದಿನದ ಕೆಲಸವನ್ನು ಜನವರಿ, ಫೆಬ್ರವರಿಯಲ್ಲಿ ಮಾಡುತ್ತೇನೆ. ಏಪ್ರಿಲ್, ಮೇ ಪರೀಕ್ಷೆ ಮತ್ತು ಮೌಲ್ಯಮಾಪನ ಇರುವುದರಿಂದ ಏನನ್ನೂ ಇಟ್ಟುಕೊಂಡಿಲ್ಲ. ಜೂನ್ 2025ರಲ್ಲಿ ಮೂರನೇ ಅಧ್ಯಾಯದಿಂದ ಒಂದು ಲೇಖನ ಪತ್ರಿಕೆಗೆ ಕಳಿಸುತ್ತೇನೆ. ಡಿಸೆಂಬರ್ 2025ಕ್ಕೆ ಎಲ್ಲ ಪಾಠ ಮುಗಿಯುತ್ತದೆ. 2026ರಲ್ಲಿ ಮೂರು ತಿಂಗಳಿಗೆ ಒಂದರಂತೆ ಉಳಿದ ಮೂರು ಅಧ್ಯಾಯ ಬರೆದು, ಅಕ್ಟೋಬರ್ ಕೊನೆಗೆ ಪೂರ್ಣ ಕರಡು ಕೊಡುತ್ತೇನೆ. ತಾವು ಓದಲು, ತಿದ್ದಲು, ಕೊಲೋಕ್ವಿಯಂಗೆ ಅಲ್ಲಿಂದ ಏಪ್ರಿಲ್ 2027ರವರೆಗೆ ಸಮಯ ಇರುತ್ತದೆ.
>
> ಪ್ರತಿ ತಿಂಗಳ ಮೊದಲ ಸೋಮವಾರ ಎಷ್ಟು ಆಯಿತು ಎಂದು ನಾಲ್ಕು ಸಾಲು ಬರೆಯುತ್ತೇನೆ, ಆಗದಿದ್ದರೂ ಬರೆಯುತ್ತೇನೆ.

ಲ್ಯಾಬ್ ರಾತ್ರಿ

ಚೆನ್ನಾಗಿದೆ. ಒಂದೇ ಅನುಮಾನ. "ನನ್ನದೇ ತಪ್ಪಿರಬಹುದು ಎಂದು ಕೇಳಲಿಲ್ಲ" ಎನ್ನುವುದನ್ನು ಬರಹದಲ್ಲಿ ಕೊಡಬೇಕಾ? ಈಮೇಲ್ ಮುಂದೆ ಸಮಿತಿಯ ಕಡತಕ್ಕೂ ಹೋಗಬಹುದು. ಒಂಬತ್ತು ಕಲ್ಲಿನ ಪಾಠ ಹೊಂದುತ್ತಿಲ್ಲ ಎಂದಷ್ಟೇ ಬರೆದು, ಸಂಕೋಚದ ಮಾತು ಎದುರಿಗೆ ಹೇಳಿದರೆ ಸಾಲದೇ?

ಹಳೇ ಮೇಷ್ಟ್ರು

ನಾನು ಇಡು ಎನ್ನುತ್ತೇನೆ. ಫೋನ್ ಯಾಕೆ ಎತ್ತಲಿಲ್ಲ ಎನ್ನುವುದಕ್ಕೆ ಉತ್ತರ ಅದೇ. ಅದು ಇಲ್ಲದಿದ್ದರೆ ಗೈಡ್ ಬೇರೆ ಏನೋ ಊಹಿಸುತ್ತಾರೆ, ನಿನಗೆ ಆಸಕ್ತಿ ಹೋಯಿತು ಎಂದೋ, ಮದುವೆ ನಿಶ್ಚಯ ಆಯಿತು ಎಂದೋ. ನಾನೇ ಹಾಗೆ ಊಹಿಸಿದ್ದೇನೆ, ತಪ್ಪಾಗಿ.

ಲ್ಯಾಬ್ ರಾತ್ರಿ

ಎಲ್ಲ ಗೈಡ್‌ಗಳೂ ನಿಮ್ಮಂತೆ ಇರುವುದಿಲ್ಲ ಸರ್. ನಾನು ಈ ಒಂದು ಮಾತಿನಲ್ಲಿ ಒಪ್ಪುವುದಿಲ್ಲ.

ಶಿರಸಿ ರಸ್ತೆ

ನನಗೆ ಈಮೇಲೇ ಬೇಡ ಅನಿಸುತ್ತದೆ. ನಮ್ಮ ಕಡೆ ಗುರುಗಳ ಹತ್ತಿರ ಹೋಗಿ ನಿಂತು ಮಾತಾಡುವುದು ಪದ್ಧತಿ. ಐದು ತಿಂಗಳು ಬರದೆ ಇದ್ದವರು ಈಮೇಲ್ ಕಳಿಸಿದರೆ ಬೇಜಾರಾಗುವುದಿಲ್ಲವೇ?

ಹಳೇ ಮೇಷ್ಟ್ರು

ಈ ಮಾತು ಸರಿ ಇದೆ. ಆದರೆ ಮೊದಲೇ ಹೋದರೆ ಇವಳು ಅಲ್ಲಿ ಅಳುತ್ತಾಳೆ, ಅವರು ಸಮಾಧಾನ ಹೇಳಿ ಕಳಿಸುತ್ತಾರೆ, 180ರ ಮಾತು ಬರುವುದೇ ಇಲ್ಲ. ಕಾಗದ ಕಳಿಸು, ಅದೇ ಸಂಜೆ ಫೋನ್ ಮಾಡಿ "ಸರ್, ಒಂದು ಈಮೇಲ್ ಕಳಿಸಿದ್ದೇನೆ, ಯಾವಾಗ ಬರಲಿ" ಎಂದು ಕೇಳು. ಇನ್ನೊಂದು ತಿದ್ದುಪಡಿ. ವಿಷಯದ ಸಾಲಿನಲ್ಲಿ "ಆರು ತಿಂಗಳ ತಡ" ಎಂದಿದೆ. ಹಳೆಯ ಲೆಕ್ಕದಲ್ಲಿ ಮೂರನೇ ವರ್ಷಕ್ಕೆ ಬರವಣಿಗೆ ಮುಗಿಯಬೇಕಿತ್ತು, ಹೊಸ ಲೆಕ್ಕದಲ್ಲಿ ಐದೂವರೆ ವರ್ಷ. ಅದು ಆರು ತಿಂಗಳಲ್ಲ. ಆ ಮಾತು ತೆಗೆದು "ಪ್ರಬಂಧದ ಈಗಿನ ಸ್ಥಿತಿ" ಎಂದು ಹಾಕು.

ಕೆರೆಏರಿ

ನಿಜ ಸರ್, ಅಲ್ಲೂ ಕಡಿಮೆ ಮಾಡಿ ಬರೆದಿದ್ದೆ. ಬದಲಿಸಿದೆ. ಸಂಕೋಚದ ಸಾಲು ಇಟ್ಟಿದ್ದೇನೆ. ಈಗ ಕಳಿಸುತ್ತಿದ್ದೇನೆ.

ಕೆರೆಏರಿ (ಆಗಸ್ಟ್ 9)

ಸಂಜೆ ನಾನು ಫೋನ್ ಮಾಡುವ ಮೊದಲೇ ಸರ್ ಮಾಡಿದರು. ಮೊದಲು ಅಪ್ಪ ಹೇಗಿದ್ದಾರೆ ಎಂದು ಕೇಳಿದರು. ಆಮೇಲೆ ಸ್ವಲ್ಪ ಗಟ್ಟಿಯಾಗಿಯೇ, "ಐದು ತಿಂಗಳು ನಾನು ಏನು ಅಂತ ತಿಳಿದುಕೊಳ್ಳಬೇಕಿತ್ತು?" ಎಂದರು. ನಾನು ಕ್ಷಮಿಸಿ ಎಂದೆ, ಬೇರೆ ಏನೂ ಹೇಳಲಿಲ್ಲ.

180ಕ್ಕೆ ಪೂರ್ತಿ ಒಪ್ಪಲಿಲ್ಲ. ಸೊರಬದ 121ರಲ್ಲಿ ಕಾಲ ಹೇಳಲಾಗದ ಕಲ್ಲುಗಳನ್ನು ಅನುಬಂಧಕ್ಕೆ ಹಾಕು, ಶಿಕಾರಿಪುರದಲ್ಲಿ 32 ಬದಲು 40 ನೋಡು ಎಂದರು. ಅಂದರೆ ಹತ್ತು ದಿನ, ಅದು ಜನವರಿ, ಫೆಬ್ರವರಿಯ ರಜಾದಿನಗಳಲ್ಲಿ ಹಿಡಿಯುತ್ತದೆ. ಸಮಿತಿಗೆ ಆಯ್ಕೆಯ ಆಧಾರದ ಪುಟವನ್ನು ಅವರೇ ತಿದ್ದಿ ಇಡುತ್ತಾರಂತೆ. ಲೇಖನ ಜೂನ್‌ಗೆ ಬೇಡ, ಮೂರನೇ ಅಧ್ಯಾಯ ಅವರು ಓದಿದ ಮೇಲೆ ಕಳಿಸೋಣ ಎಂದರು. ಹಾಗಾದರೆ ಪ್ರಕಟ ಆಗುವುದು ತಡ ಆಗುತ್ತದಾ ಎಂಬ ಚಿಂತೆ ಇದೆ, ಭೇಟಿಯಲ್ಲಿ ಕೇಳುತ್ತೇನೆ.

ಕೆರೆ ಏರಿಯ ಕಲ್ಲಿನ ಫೋಟೋ ಈಮೇಲ್‌ನಲ್ಲೇ ಲಗತ್ತಿಸಿದ್ದೆ. ಅದನ್ನು ನೋಡಿದ್ದರು. "ಅದು ಮ ಇರಬಹುದು, ಆದರೆ ಫೋಟೋ ನಂಬಬೇಡ, ಅಚ್ಚು ತಗೊಂಡು ಬಾ" ಎಂದರು. ಭಾನುವಾರ ಬೆಳಗ್ಗೆ ಹತ್ತಕ್ಕೆ ಬರಲು ಹೇಳಿದ್ದಾರೆ. ಒಂಬತ್ತು ಹಾಳೆಗಳನ್ನೂ ರಟ್ಟಿನ ನಡುವೆ ಇಟ್ಟು ಕಟ್ಟಿದ್ದೇನೆ.

ಹಳೇ ಮೇಷ್ಟ್ರು

ಭೂತಗನ್ನಡಿ ಒಯ್ಯಲು ಮರೆಯಬೇಡ. ಅವರ ಹತ್ತಿರ ಇರುತ್ತದೆ, ಆದರೂ ನಿನ್ನದೊಂದು ಇರಲಿ.